ಪೂರ್ಣ ವೇಗಕ್ಕೆ ಮೊದಲಿನ ಇಪ್ಪತ್ತೈದು ನಿಮಿಷ: ಹದಿಹರೆಯದ ಓಟಗಾರರ ವಾರ್ಮ್‌ಅಪ್

ನಮ್ಮ ಹೈಸ್ಕೂಲು ಮೈದಾನಗಳಲ್ಲಿ ಬೆಳಗಿನ ಪ್ರಾಕ್ಟೀಸ್ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಶುರುವಾಗುತ್ತದೆ. ಮೊದಲು ಮೈದಾನಕ್ಕೆ ಎರಡು ಸುತ್ತು ನಿಧಾನ ಓಟ. ಆಮೇಲೆ ಸಾಲಾಗಿ ನಿಂತು ಒಂದರಿಂದ ಎಂಟರವರೆಗೆ ಎಣಿಸುತ್ತ ಕೈಕಾಲು ಎಳೆಯುವುದು. ಅದು ಮುಗಿದ ಕೂಡಲೇ ಗೆರೆಯ ಹಿಂದೆ ನಿಂತು, ಸೀಟಿ ಊದಿದೊಡನೆ ಪೂರ್ಣ ವೇಗದ ಓಟ. ಈ ಕ್ರಮದಲ್ಲಿ ಬೆವರು ಬರುತ್ತದೆ, ಮೈ ಬಿಸಿಯಾಗುತ್ತದೆ. ಆದರೆ ನಿಧಾನ ಓಟಕ್ಕೂ ಪೂರ್ಣ ವೇಗಕ್ಕೂ ನಡುವೆ ಏನೂ ಇಲ್ಲ. ಆ ದಿನ ಮಗು ಓಡುವ ಮೊದಲ ವೇಗದ ಓಟವೇ ಅತ್ಯಂತ ಕಠಿಣ ಓಟವಾಗಿಬಿಡುತ್ತದೆ. ವಾರ್ಮ್‌ಅಪ್ ರೂಪಿಸುವವರು ಮೊದಲು ತುಂಬಬೇಕಾದದ್ದು ಈ ಖಾಲಿ ಜಾಗವನ್ನು.

ಪೂರ್ಣ ವೇಗದಲ್ಲಿ ಓಡುವಾಗ ತೊಡೆಯ ಹಿಂಭಾಗದ ಸ್ನಾಯು, ಅಂದರೆ ಹ್ಯಾಮ್‌ಸ್ಟ್ರಿಂಗ್, ಮಾಡುವ ಕೆಲಸವನ್ನು ಗಮನಿಸಿದರೆ ಇದರ ಕಾರಣ ತಿಳಿಯುತ್ತದೆ. ಮಂಡಿ ಮೇಲೆದ್ದು ಕಾಲು ಮುಂದಕ್ಕೆ ಬೀಸಿದಾಗ ಮೊಣಕಾಲಿನ ಕೆಳಭಾಗ ಜೋರಾಗಿ ಹೊರಕ್ಕೆ ಚಾಚಿಕೊಳ್ಳುತ್ತದೆ. ಪಾದ ನೆಲಕ್ಕೆ ತಾಗುವ ಮೊದಲು ಆ ಚಾಚನ್ನು ತಡೆದು ಕಾಲನ್ನು ಹಿಂದಕ್ಕೆ ಎಳೆಯಬೇಕಾದದ್ದು ಹ್ಯಾಮ್‌ಸ್ಟ್ರಿಂಗ್. ಅದು ಉದ್ದಕ್ಕೆ ಎಳೆದುಕೊಂಡಿರುವ ಸ್ಥಿತಿಯಲ್ಲೇ ಬ್ರೇಕ್ ಹಾಕುತ್ತದೆ. ಓಟದಲ್ಲಿ ಈ ಸ್ನಾಯುವಿಗೆ ಆಗುವ ಗಾಯಗಳಲ್ಲಿ ಹೆಚ್ಚಿನವು ಈ ಕ್ಷಣದಲ್ಲೇ ಆಗುತ್ತವೆ. ವೇಗ ಶೇಕಡ 80 ದಾಟಿದ ಮೇಲೆ ಈ ಬ್ರೇಕಿನ ಹೊರೆ ತೀರ ಕಡಿದಾಗಿ ಏರುತ್ತದೆ. ನಿಧಾನವಾಗಿ ಎಷ್ಟು ಸುತ್ತು ಓಡಿದರೂ ಸ್ನಾಯು ಈ ಕೆಲಸವನ್ನು ಒಮ್ಮೆಯೂ ಮಾಡಿರುವುದಿಲ್ಲ.

ದೊಡ್ಡವರಲ್ಲಿ ಈ ಹೊರೆ ತಾಳದೆ ಹರಿಯುವುದು ಸಾಮಾನ್ಯವಾಗಿ ಸ್ನಾಯು. ಹದಿಮೂರರಿಂದ ಹದಿನೇಳರ ಮಕ್ಕಳಲ್ಲಿ ಇನ್ನೊಂದು ಬಲಹೀನ ಜಾಗವಿದೆ: ಸ್ನಾಯುರಜ್ಜು ಮೂಳೆಗೆ ಅಂಟಿಕೊಳ್ಳುವ ತುದಿ. ಬೆಳೆಯುವ ವಯಸ್ಸಿನಲ್ಲಿ ಆ ತುದಿಗೂ ಮೂಳೆಯ ಉಳಿದ ಭಾಗಕ್ಕೂ ನಡುವೆ ಮೃದ್ವಸ್ಥಿಯ ಒಂದು ಪದರ ಇರುತ್ತದೆ. ಬಲಿತ ಸ್ನಾಯುರಜ್ಜುವಿಗಿಂತ ಆ ಪದರವೇ ಮೊದಲು ಸೋಲುತ್ತದೆ. ಹ್ಯಾಮ್‌ಸ್ಟ್ರಿಂಗ್ ಹುಟ್ಟುವುದು ನಾವು ಕುಳಿತಾಗ ನೆಲಕ್ಕೆ ತಾಗುವ ಮೂಳೆಯಿಂದ. ಹದಿಹರೆಯದವರಲ್ಲಿ ಒಂದು ಜೋರು ಓಟಕ್ಕೆ ಆ ಮೂಳೆಯ ಚೂರೇ ಕಿತ್ತು ಬರಬಹುದು. ಸೊಂಟದ ಮುಂಭಾಗದಲ್ಲಿ ತೊಡೆಯ ಮುಂದಿನ ಸ್ನಾಯು ಅಂಟಿರುವ ಜಾಗದಲ್ಲೂ ಹೀಗೆ ಆಗುತ್ತದೆ. ಮಂಡಿಚಿಪ್ಪಿನ ಕೆಳಗಿನ ಉಬ್ಬು ಮತ್ತು ಹಿಮ್ಮಡಿಯ ಹಿಂಭಾಗದಲ್ಲಿ ಇದು ನಿಧಾನವಾಗಿ, ವಾರಗಟ್ಟಲೆ ಕಾಡುವ ನೋವಾಗಿ ಕಾಣಿಸಿಕೊಳ್ಳುತ್ತದೆ. ಅದಕ್ಕೇ ಮಕ್ಕಳ ವಾರ್ಮ್‌ಅಪ್ ದಿನದಿನದ ಒಂದು ತಪಾಸಣೆಯೂ ಆಗಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೈ ಬಿಸಿಯಾಗುವುದರಿಂದ ಆಗುವ ಲಾಭವೂ ಸಣ್ಣದಲ್ಲ. ವಿಶ್ರಾಂತಿಯಲ್ಲಿರುವ ತೊಡೆಯ ಸ್ನಾಯು ದೇಹದ ಒಳಭಾಗಕ್ಕಿಂತ ತಣ್ಣಗಿರುತ್ತದೆ, 35 ಡಿಗ್ರಿಯ ಆಸುಪಾಸು. ಅದು ಒಂದು ಡಿಗ್ರಿ ಏರಿದರೆ ಸ್ನಾಯು ಹೊಮ್ಮಿಸುವ ಶಕ್ತಿ ಶೇಕಡ 2ರಿಂದ 5ರಷ್ಟು ಹೆಚ್ಚುತ್ತದೆ. ನರದ ಸಂಕೇತ ಬೇಗ ಸಾಗುತ್ತದೆ, ಸ್ನಾಯುವಿನ ಬಿಗಿ ಸಡಿಲಗೊಳ್ಳುತ್ತದೆ. ಕೀಲುಗಳ ಒಳಗಿನ ದ್ರವ ರಾತ್ರಿಯಿಡೀ ಅಲುಗಾಡದೆ ಇದ್ದು, ಚಳಿಗಾಲದ ಕೊಬ್ಬರಿ ಎಣ್ಣೆಯಂತೆ ಮಂದವಾಗಿರುತ್ತದೆ. ಚಲನೆ ಸಿಕ್ಕ ಮೇಲೆ ತೆಳುವಾಗಿ ಮೃದ್ವಸ್ಥಿಯ ಮೇಲೆ ಹರಡುತ್ತದೆ. ಸ್ನಾಯುವಿನ ಉಷ್ಣತೆ ಮೊದಲ ಐದು ನಿಮಿಷದಲ್ಲಿ ಬೇಗ ಏರಿ, ಹತ್ತರಿಂದ ಇಪ್ಪತ್ತು ನಿಮಿಷದೊಳಗೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದಾಚೆಗೆ ಬರೀ ನಿಧಾನ ಓಟವನ್ನೇ ಮುಂದುವರಿಸಿದರೆ ಸಿಗುವುದು ದಣಿವು ಮಾತ್ರ.

ಬ್ರಿಟನ್ನಿನ ತರಬೇತುದಾರ ಇಯಾನ್ ಜೆಫ್ರೀಸ್ 2007ರಲ್ಲಿ ವಾರ್ಮ್‌ಅಪ್ಪಿಗೆ ಒಂದು ಚೌಕಟ್ಟು ಕೊಟ್ಟರು. ಮೈ ಬಿಸಿ ಏರಿಸುವುದು, ಬೇಕಾದ ಸ್ನಾಯುಗಳನ್ನು ಎಚ್ಚರಿಸುವುದು, ಕೀಲುಗಳನ್ನು ಪೂರ್ತಿ ಆಡಿಸುವುದು, ಕೊನೆಗೆ ಅಸಲಿ ಕೆಲಸದ ತೀವ್ರತೆಗೆ ಹತ್ತಿರ ಒಯ್ಯುವುದು. ಇಂದು ಅನೇಕ ತರಬೇತಿ ಕೇಂದ್ರಗಳಲ್ಲಿ ಬಳಕೆಯಲ್ಲಿರುವುದು ಇದೇ. ಇದನ್ನು ಒಂದು ನಿರ್ದಿಷ್ಟ ಸಂದರ್ಭಕ್ಕೆ ಹೊಂದಿಸಿ ನೋಡೋಣ.

ಹಾಸನದ ಕಡೆಯ ಒಂದು ಹೈಸ್ಕೂಲು, ಡಿಸೆಂಬರ್ ತಿಂಗಳು, ಬೆಳಿಗ್ಗೆ ಆರೂಕಾಲು, ಮಣ್ಣಿನ ಮೈದಾನ ಎಂದಿಟ್ಟುಕೊಳ್ಳಿ. ಒಂಬತ್ತನೇ ತರಗತಿಯ ಹುಡುಗಿ, ವಯಸ್ಸು ಹದಿನಾಲ್ಕು, 100 ಮತ್ತು 200 ಮೀಟರ್ ಓಡುತ್ತಾಳೆ. 60 ಮೀಟರಿಗೆ ಅವಳ ಅತ್ಯುತ್ತಮ ಸಮಯ 9.0 ಸೆಕೆಂಡು. ಇಂದಿನ ಕೆಲಸ ನಿಂತಲ್ಲಿಂದ 30 ಮೀಟರಿನ ಆರು ಪೂರ್ಣ ವೇಗದ ಓಟ. ಅದಕ್ಕೆ ಮೊದಲು ಇಪ್ಪತ್ತೈದು ನಿಮಿಷ ಸಿಗುತ್ತದೆ.

ಮೊದಲ ಎರಡು ನಿಮಿಷ ತಪಾಸಣೆಗೆ. ಪಿ.ಟಿ. ಮೇಷ್ಟ್ರು "ಮೈಕೈ ನೋವಿದ್ಯಾ?" ಎಂದು ಕೇಳಿದರೆ ಎಲ್ಲ ಮಕ್ಕಳೂ "ಇಲ್ಲ ಸಾರ್" ಎನ್ನುತ್ತಾರೆ. ಅದರ ಬದಲು "ಒಂದೇ ಬೆರಳಿಟ್ಟು ತೋರಿಸೋ ಹಾಗೆ ಎಲ್ಲಾದ್ರೂ ನೋವಿದ್ಯಾ?" ಎಂದು ಕೇಳಬೇಕು. ನಿನ್ನೆಯ ಪ್ರಾಕ್ಟೀಸಿನ ಸ್ನಾಯುನೋವು ಅಗಲವಾಗಿ, ಎರಡೂ ಕಾಲಲ್ಲಿ ಇರುತ್ತದೆ, ಮೈ ಬಿಸಿಯಾದಂತೆ ಕಡಿಮೆಯಾಗುತ್ತದೆ. ಬೆಳೆಯುವ ಮೂಳೆಯ ತುದಿಯ ನೋವನ್ನು ಒಂದೇ ಬೆರಳಲ್ಲಿ ಗುರುತಿಸಬಹುದು, ಒತ್ತಿದರೆ ಮುಖ ಕಿವುಚುತ್ತಾರೆ. ಆಮೇಲೆ ಹಿಮ್ಮಡಿ ಊರಿ ಪೂರ್ತಿ ಕುಕ್ಕರಗಾಲಲ್ಲಿ ಕೂತು ಏಳುವುದು, ಒಂಟಿ ಕಾಲಲ್ಲಿ ಐದೈದು ಸಲ ಹಗುರವಾಗಿ ಕುಪ್ಪಳಿಸುವುದು. ಕುಪ್ಪಳಿಸುವಾಗ ಹಿಮ್ಮಡಿಯಲ್ಲೋ ಮಂಡಿಯ ಕೆಳಗೋ ನೋವಾದರೆ ಅಂದು ಆ ಮಗುವಿಗೆ ವೇಗದ ಓಟ ಬೇಡ.

ಮುಂದಿನ ಐದು ನಿಮಿಷ ಹಗುರ ಓಟ. ಅಕ್ಕಪಕ್ಕದವರೊಡನೆ ಮಾತಾಡುತ್ತ ಓಡುವಷ್ಟು ನಿಧಾನವಿರಬೇಕು. ಅದರ ಮಧ್ಯೆ ಅಡ್ಡಡ್ಡ ಓಟ, ಹಿಮ್ಮುಖ ಓಟ ಸೇರಿಸಿದರೆ ಸೊಂಟದ ಕೀಲು ಬರೀ ಮುಂದೆ ಹಿಂದೆ ಅಲ್ಲದೆ ಬೇರೆ ದಿಕ್ಕಿಗೂ ಆಡುತ್ತದೆ. ಡಿಸೆಂಬರಿನ ಆ ಚಳಿಯಲ್ಲಿ ಸ್ವೆಟರ್, ಟ್ರ್ಯಾಕ್ ಪ್ಯಾಂಟ್ ತೆಗೆಯಬಾರದು. ಇದೇ ಅಭ್ಯಾಸ ಏಪ್ರಿಲ್‌ನಲ್ಲಿ ಕಲಬುರಗಿಯ ಸಂಜೆ ನಾಲ್ಕೂವರೆಗೆ ಆಗುವುದಾದರೆ ಈ ಭಾಗ ಎರಡು ನಿಮಿಷ ಸಾಕು, ಅದೂ ನೆರಳಲ್ಲಿ. ಅಲ್ಲಿ ಮೈ ಆಗಲೇ ಬಿಸಿಯಾಗಿರುತ್ತದೆ. ಮಿಕ್ಕ ಭಾಗಗಳನ್ನು ಮಾತ್ರ ಸೆಖೆಯ ನೆಪದಲ್ಲಿ ಬಿಡುವಂತಿಲ್ಲ, ಏಕೆಂದರೆ ಬಿಸಿಲು ಸ್ನಾಯುವನ್ನು ಕಾಯಿಸಬಹುದೇ ಹೊರತು ಬ್ರೇಕ್ ಹಾಕುವ ಕೆಲಸಕ್ಕೆ ಅಣಿಗೊಳಿಸಲಾರದು.

ಆಮೇಲಿನ ಆರು ನಿಮಿಷ ಕೀಲುಗಳದ್ದು. ಓಟಕ್ಕೆ ಮುಖ್ಯವಾದ ಕೀಲುಗಳು ಎರಡು, ಕಣಕಾಲು ಮತ್ತು ಸೊಂಟ. ಕಣಕಾಲಿಗೆ ಗೋಡೆಯನ್ನೋ ಜೊತೆಗಾರ್ತಿಯ ಭುಜವನ್ನೋ ಹಿಡಿದು, ಹಿಮ್ಮಡಿ ಎತ್ತದೆ ಮಂಡಿಯನ್ನು ಕಾಲ್ಬೆರಳಿಗಿಂತ ಮುಂದಕ್ಕೆ ತೂಗುವುದು, ಹತ್ತತ್ತು ಸಲ. ನಂತರ ಒಂಟಿ ಕಾಲಲ್ಲಿ ತುದಿಗಾಲ ಮೇಲೆ ಏಳುವುದು ಹತ್ತು ಸಲ. ಸೊಂಟಕ್ಕೆ ನಡೆಯುತ್ತಲೇ ದೊಡ್ಡ ಹೆಜ್ಜೆ ಹಾಕಿ ಹಿಂದಿನ ಮಂಡಿ ನೆಲದ ಹತ್ತಿರ ಇಳಿಸುವ ಲಂಜ್, ಹತ್ತು ಹೆಜ್ಜೆ. ಇಲ್ಲಿ ಹಿಂದಿನ ಕಾಲಿನ ಕಡೆಯ ಪೃಷ್ಠವನ್ನು ಬಿಗಿಹಿಡಿಯುವಂತೆ ಹೇಳಬೇಕು, ಆಗ ಸೊಂಟದ ಮುಂಭಾಗ ನಿಜವಾಗಿ ಬಿಚ್ಚಿಕೊಳ್ಳುತ್ತದೆ. ಇಲ್ಲದಿದ್ದರೆ ಮಕ್ಕಳು ಬೆನ್ನನ್ನು ಬಾಗಿಸಿ ಹಿಗ್ಗಿದಂತೆ ತೋರಿಸುತ್ತಾರೆ. ಆಮೇಲೆ ಕಾಲನ್ನು ಮುಂದೆ ಹಿಂದೆ ಬೀಸುವುದು, ಪ್ರತಿ ಕಾಲಿಗೆ ಹನ್ನೆರಡು ಸಲ, ಮೊದಲು ಚಿಕ್ಕದಾಗಿ, ಬರಬರುತ್ತ ದೊಡ್ಡದಾಗಿ. ಕಡೆಗೆ ಅಂಗಾತ ಮಲಗಿ ಒಂದು ಕಾಲು ಊರಿ ಸೊಂಟ ಎತ್ತುವುದು, ಎಂಟೆಂಟು ಸಲ. ಮೈದಾನ ಇಬ್ಬನಿಯಿಂದ ಒದ್ದೆಯಾಗಿದ್ದರೆ ಇದನ್ನು ಶಾಲೆಯ ಜಗಲಿಯ ಮೇಲೆ ಮಾಡಿಸಬಹುದು.

ನಿಂತಲ್ಲೇ ಹಿಡಿದೆಳೆಯುವ ಸ್ಟ್ರೆಚಿಂಗ್ ಬಗ್ಗೆ ಎರಡು ಅತಿಗಳಿವೆ. ಕೆಲವರು ಅದೇ ವಾರ್ಮ್‌ಅಪ್ ಎನ್ನುತ್ತಾರೆ, ಇನ್ನು ಕೆಲವರು ಅದನ್ನು ಮುಟ್ಟಲೇಬಾರದು ಎನ್ನುತ್ತಾರೆ. ಒಂದೊಂದು ಸ್ನಾಯುವನ್ನು ಒಟ್ಟು ಒಂದು ನಿಮಿಷಕ್ಕಿಂತ ಹೆಚ್ಚು ಎಳೆದು ಹಿಡಿದರೆ ಆಮೇಲಿನ ಓಟ, ಜಿಗಿತಗಳಲ್ಲಿ ಬಲ ಸ್ವಲ್ಪ ಕುಗ್ಗುತ್ತದೆ ಎಂಬುದು ಸರಿ. ಹದಿನೈದು ಇಪ್ಪತ್ತು ಸೆಕೆಂಡು ಎಳೆದು, ನಂತರ ಚುರುಕಾದ ಡ್ರಿಲ್ ಮಾಡಿದರೆ ಆ ನಷ್ಟ ಲೆಕ್ಕಕ್ಕಿಲ್ಲ. ಮೀನಖಂಡ ನಿಜವಾಗಿ ಬಿಗಿಯಾಗಿರುವ ಮಗುವಿಗೆ ಆ ಒಂದು ಸ್ಟ್ರೆಚ್ ಇರಲಿ. ದೀರ್ಘವಾದದ್ದನ್ನು ಸಂಜೆಗೆ ಇಟ್ಟುಕೊಳ್ಳಲಿ.

ಡ್ರಿಲ್‌ಗಳಿಗೆ ನಾಲ್ಕು ನಿಮಿಷ. ನಾವು ಎ-ಸ್ಕಿಪ್ ಎಂದು ಕರೆಯುವುದು ಪೋಲೆಂಡಿನ ತರಬೇತುದಾರ ಗೆರಾರ್ಡ್ ಮಾಖ್ ರೂಪಿಸಿದ ಅಭ್ಯಾಸಗಳಲ್ಲಿ ಒಂದು. ಮಂಡಿ ಸೊಂಟದ ಎತ್ತರಕ್ಕೆ, ಪಾದದ ಮುಂಭಾಗ ಮೇಲಕ್ಕೆ ಮಡಚಿ, ಕಾಲನ್ನು ದೇಹದ ಕೆಳಗೇ ಚುರುಕಾಗಿ ಊರುವುದು. 20 ಮೀಟರ್ ಎರಡು ಸಲ ಸಾಕು. ಅದರ ಹಿಂದೆಯೇ ಮಂಡಿ ನೇರವಾಗಿಟ್ಟುಕೊಂಡು ಕಾಲನ್ನು ಮುಂದಿನಿಂದ ಹಿಂದಕ್ಕೆ ನೆಲ ಕೆರೆಯುವಂತೆ ಎಳೆಯುವ ಓಟ, ಅದೂ 20 ಮೀಟರ್ ಎರಡು ಸಲ. ಹ್ಯಾಮ್‌ಸ್ಟ್ರಿಂಗ್ ಉದ್ದವಾಗಿರುವಾಗಲೇ ಬಲ ಹಾಕುವುದನ್ನು ಇದು ತಗ್ಗಿನ ತೀವ್ರತೆಯಲ್ಲಿ ಅಭ್ಯಾಸ ಮಾಡಿಸುತ್ತದೆ. ಆಮೇಲೆ ಮಂಡಿ ಹೆಚ್ಚು ಬಾಗಿಸದೆ ಕಣಕಾಲಿಂದಲೇ ಪುಟಿಯುವ ಜಿಗಿತ, ಹತ್ತರಂತೆ ಎರಡು ಸಲ. ಪೂರ್ಣ ವೇಗದಲ್ಲಿ ಪಾದ ನೆಲದ ಮೇಲಿರುವುದು ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು. ಅಷ್ಟರಲ್ಲೇ ದೇಹತೂಕದ ಮೂರು ಪಟ್ಟಿನಷ್ಟು ಬಲ ಕಾಲಿನ ಮೂಲಕ ಹಾದುಹೋಗುತ್ತದೆ. ಪುಟಿಯುವ ಜಿಗಿತ ಕಣಕಾಲನ್ನು ಆ ಹೊಡೆತಕ್ಕೆ ಸಿದ್ಧಮಾಡುತ್ತದೆ. ಇಳಿಯುವಾಗ ದೊಪ್ಪೆಂದು ಸದ್ದು ಬಂದರೆ, ಹಿಮ್ಮಡಿ ನೆಲಕ್ಕೆ ಬಡಿದರೆ, ಸಂಖ್ಯೆ ಮುಗಿದಿರದಿದ್ದರೂ ನಿಲ್ಲಿಸಿ.

ಇನ್ನುಳಿದದ್ದು ಎಂಟು ನಿಮಿಷ, ನನ್ನ ಪ್ರಕಾರ ಇಡೀ ವಾರ್ಮ್‌ಅಪ್ಪಿನ ಜೀವ. ಸಮಯ ಸಾಲದು ಎಂದಾಗ ಮೊದಲು ಕತ್ತರಿ ಬೀಳುವುದೂ ಇದಕ್ಕೇ. 60 ಮೀಟರನ್ನು ನಾಲ್ಕು ಸಲ, ಪ್ರತಿ ಸಲವೂ ಹೆಚ್ಚು ವೇಗದಲ್ಲಿ ಓಡುವುದು. ಸಾಮಾನ್ಯವಾಗಿ ಹೇಳುವ ಕ್ರಮ ಶೇಕಡ 60, 70, 80, 90. ನಾನು 60, 75, 85, 93 ಎಂದು ಇಡುತ್ತೇನೆ. ಹೊರೆ ಕಡಿದಾಗಿ ಏರುವುದು ಕೊನೆಯ ಭಾಗದಲ್ಲಿ, ಹಾಗಾಗಿ ಅಲ್ಲಿ ಮೆಟ್ಟಿಲುಗಳು ಚಿಕ್ಕದಿರಬೇಕು. ಆದರೆ "ಶೇಕಡ 75ರಲ್ಲಿ ಓಡು" ಎಂದರೆ ಹದಿನಾಲ್ಕರ ಹುಡುಗಿಗೆ ಏನೂ ಅರ್ಥವಾಗುವುದಿಲ್ಲ. ಮುಂದೆ ಗೆಳತಿ ಓಡುತ್ತಿದ್ದರಂತೂ ಅದು ಶೇಕಡ 95 ಆಗಿಬಿಡುತ್ತದೆ. ಹಾಗಾಗಿ ಸ್ಟಾಪ್‌ವಾಚ್ ಹಿಡಿದು ಸೆಕೆಂಡುಗಳಲ್ಲಿ ಹೇಳಬೇಕು. ಅತ್ಯುತ್ತಮ ಸಮಯವನ್ನು ಬೇಕಾದ ಭಾಗದಿಂದ ಭಾಗಿಸಿದರೆ ಲೆಕ್ಕ ಸಿಗುತ್ತದೆ. ಅವಳ 9.0 ಸೆಕೆಂಡನ್ನು 0.60ರಿಂದ ಭಾಗಿಸಿದರೆ 15.0, 0.75ರಿಂದ 12.0, 0.85ರಿಂದ 10.6, 0.93ರಿಂದ 9.7. ಅಂದರೆ ಮೊದಲ ಓಟ ಹದಿನೈದು ಸೆಕೆಂಡಿನದು, ಕೊನೆಯದು ಹತ್ತಕ್ಕಿಂತ ತುಸು ಕಡಿಮೆ. ಒಂದೆರಡು ವಾರ ಹೀಗೆ ಕೂಗಿ ಹೇಳಿದರೆ ಮಕ್ಕಳ ಮೈಗೇ ಆ ವೇಗಗಳ ಅಂದಾಜು ಹತ್ತುತ್ತದೆ.

ಒಂದೊಂದು ಓಟದ ನಡುವೆ ನಡೆದುಕೊಂಡು ವಾಪಸು ಬರುವುದು, ಸುಮಾರು ಒಂದೂವರೆ ನಿಮಿಷ. ಓಟದ ಒಳಗೂ ವೇಗ ಮೆಲ್ಲಗೆ ಏರಬೇಕು. ಮೊದಲ 20 ಮೀಟರಿನಲ್ಲಿ ಒದೆಯುವಂತಿಲ್ಲ. ಕೊನೆಗೆ ಗೆರೆ ದಾಟಿದ ಕೂಡಲೇ ನಿಲ್ಲುವಂತೆಯೂ ಇಲ್ಲ, ಇನ್ನೂ 15 ಮೀಟರ್ ಹೋಗಿ ನಿಧಾನಿಸಬೇಕು. ಗಕ್ಕನೆ ನಿಲ್ಲುವುದು ಮಂಡಿಗೆ ಓಟಕ್ಕಿಂತ ಕೆಟ್ಟದ್ದು. ಸ್ಪೈಕ್ಸ್ ಹಾಕುವವರು ಕೊನೆಯ ಎರಡು ಓಟಗಳನ್ನು ಸ್ಪೈಕ್ಸ್‌ನಲ್ಲೇ ಓಡಲಿ, ಏಕೆಂದರೆ ಹಿಮ್ಮಡಿ ಕೆಳಗಿಳಿದಂತೆ ಇರುವ ಆ ಶೂ ಮೀನಖಂಡವನ್ನು ಇನ್ನಷ್ಟು ಎಳೆಯುತ್ತದೆ. ಅದಾದ ಮೇಲೆ ನಿಂತಲ್ಲಿಂದ 15 ಮೀಟರಿನ ಒಂದು ಚುರುಕಾದ ಆರಂಭ, ಎರಡು ನಿಮಿಷ ಬಿಡುವು. ನಂತರ ಅಸಲಿ ಕೆಲಸ.

ವಾರ್ಮ್‌ಅಪ್ ಸಾಕಾಯಿತೋ ಇಲ್ಲವೋ ಎಂಬುದನ್ನು ಆ ಆರು ಓಟಗಳ ಸಮಯವೇ ಹೇಳುತ್ತದೆ. ಮೊದಲ ಎರಡು ಓಟ ಅತ್ಯುತ್ತಮದ ಹತ್ತಿರವಿದ್ದರೆ ಅಳತೆ ಸರಿಯಾಗಿದೆ. ವಾರಗಟ್ಟಲೆ ನಾಲ್ಕನೆಯದೋ ಐದನೆಯದೋ ಅತಿ ವೇಗದ್ದಾಗುತ್ತಿದ್ದರೆ ಮೊದಲ ಮೂರು ಓಟಗಳನ್ನೇ ಮಗು ವಾರ್ಮ್‌ಅಪ್ ಆಗಿ ಬಳಸುತ್ತಿದೆ, ಅದೂ ಪೂರ್ಣ ಹೊರೆಯಲ್ಲಿ. ಮೊದಲನೆಯದರಿಂದಲೇ ಸಮಯ ಹದಗೆಡುತ್ತ ಹೋದರೆ ವಾರ್ಮ್‌ಅಪ್ ಉದ್ದವಾಯಿತು, ಇಲ್ಲವೇ ನಿದ್ದೆ ಸಾಲದಾಯಿತು. ಕೈಯಲ್ಲಿ ಒತ್ತುವ ಸ್ಟಾಪ್‌ವಾಚಿನಲ್ಲಿ ಸೆಕೆಂಡಿನ ಒಂದೆರಡು ಹತ್ತನೇ ಭಾಗ ಹೆಚ್ಚುಕಮ್ಮಿ ಆಗುವುದು ಸಹಜವಾದ್ದರಿಂದ ಒಂದು ದಿನದ ಅಂಕಿ ನೋಡಿ ತೀರ್ಮಾನಿಸಬಾರದು. ಮೂರು ನಾಲ್ಕು ವಾರ ಒಂದೇ ನೋಟುಬುಕ್ಕಿನಲ್ಲಿ ಬರೆದಿಟ್ಟರೆ ಜಾಡು ಕಾಣುತ್ತದೆ.

ಇದೇ ಹುಡುಗಿ ಜೋರಾಗಿ ಎತ್ತರವಾಗುತ್ತಿದ್ದರೆ ಕ್ರಮ ಬದಲಾಗಬೇಕು. ಹುಡುಗಿಯರಲ್ಲಿ ಹನ್ನೆರಡರ ಸುಮಾರಿಗೆ, ಹುಡುಗರಲ್ಲಿ ಹದಿನಾಲ್ಕರ ಸುಮಾರಿಗೆ ಬೆಳವಣಿಗೆ ಅತಿ ವೇಗದಲ್ಲಿರುತ್ತದೆ. ಆದರೆ ಒಂದೇ ತರಗತಿಯ ಮಕ್ಕಳಲ್ಲೇ ಎರಡು ಮೂರು ವರ್ಷದ ಅಂತರ ಇರಬಹುದು, ಹುಟ್ಟಿದ ದಿನಾಂಕ ನಂಬುವಂತಿಲ್ಲ. ಗೋಡೆಗೆ ಅಳತೆಪಟ್ಟಿ ಅಂಟಿಸಿ ತಿಂಗಳಿಗೊಮ್ಮೆ ಬೆಳಿಗ್ಗೆ ಬರಿಗಾಲಲ್ಲಿ ಎತ್ತರ ಗುರುತು ಮಾಡುವುದು ಸುಲಭ. ಮೂರು ತಿಂಗಳಲ್ಲಿ ಎರಡು ಸೆಂಟಿಮೀಟರಿಗಿಂತ ಹೆಚ್ಚು ಬೆಳೆದರೆ ಎಚ್ಚರ ವಹಿಸಬೇಕು. ಆಗ ಮೂಳೆ ಮುಂದೆ, ಸ್ನಾಯು ಹಿಂದೆ. ಕಾಲು ಉದ್ದವಾಗಿ ಭಾರವಾಗಿರುತ್ತದೆ, ಹಳೆಯ ಲಯ ತಪ್ಪಿ ಓಟ ಒಡ್ಡೊಡ್ಡಾಗಿ ಕಾಣುತ್ತದೆ. ಮಗು ಸೋಮಾರಿಯಾಯಿತು ಎಂದು ಬೈಯುವವರಿದ್ದಾರೆ, ಅದು ಅನ್ಯಾಯ. ಈ ತಿಂಗಳುಗಳಲ್ಲಿ ಪುಟಿಯುವ ಜಿಗಿತವನ್ನು ಅರ್ಧಕ್ಕೆ ಇಳಿಸಿ, ಡ್ರಿಲ್‌ಗಳಿಗೆ ಎರಡು ನಿಮಿಷ ಹೆಚ್ಚು ಕೊಟ್ಟು, ಏರುವೇಗದ ಓಟಗಳಿಗೆ ಶೇಕಡ 90ರ ಇನ್ನೊಂದನ್ನು ಸೇರಿಸಿ, ಅಸಲಿ ಪೂರ್ಣ ವೇಗದ ಓಟಗಳನ್ನು ಆರರಿಂದ ನಾಲ್ಕಕ್ಕೆ ತರುವುದು ನನ್ನ ಸಲಹೆ.

ವಾರ್ಮ್‌ಅಪ್ಪಿಗೆ ಮಿತಿಯೂ ಇದೆ. ನಾರ್ವೆಯಲ್ಲಿ 13ರಿಂದ 17ರ ಫುಟ್‌ಬಾಲ್ ಆಟಗಾರ್ತಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಓಟ, ಬಲ, ಸಮತೋಲನ ಸೇರಿದ ಇಪ್ಪತ್ತು ನಿಮಿಷದ ವಾರ್ಮ್‌ಅಪ್ ಮಾಡಿದ ತಂಡಗಳಲ್ಲಿ ಒಟ್ಟು ಗಾಯಗಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾದವು. ಉಳಿದ ಮೂರನೇ ಎರಡು ಪಾಲು ಆಗಿಯೇ ಆದವು. ನಿನ್ನೆ ಹನ್ನೆರಡು ಓಟ ಓಡಿ ಇಂದು ಮತ್ತೆ ಹನ್ನೆರಡು ಓಡುವ ಮಗುವನ್ನು ಯಾವ ವಾರ್ಮ್‌ಅಪ್ಪೂ ಕಾಯುವುದಿಲ್ಲ. ಹ್ಯಾಮ್‌ಸ್ಟ್ರಿಂಗ್ ಬಲಪಡಿಸುವ ನಾರ್ಡಿಕ್ ಅಭ್ಯಾಸ, ಅಂದರೆ ಕಾಲು ಹಿಡಿಸಿಕೊಂಡು ಮಂಡಿಯೂರಿ ಮುಂದಕ್ಕೆ ನಿಧಾನವಾಗಿ ಬೀಳುವುದು, ನಿಜಕ್ಕೂ ಒಳ್ಳೆಯದು. ಆದರೆ ಅದನ್ನು ವೇಗದ ಓಟಕ್ಕೆ ಮುಂಚೆ ಮಾಡಿಸಿ ಸ್ನಾಯು ದಣಿಸುವುದಕ್ಕಿಂತ ಕೊನೆಯಲ್ಲಿ ಮಾಡಿಸುವುದು ಮೇಲು.

ಇನ್ನು ಸ್ಪರ್ಧೆಯ ದಿನ. ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ಒಂಬತ್ತಕ್ಕೆ ಎಂದ ಹೀಟ್ಸ್ ಅತಿಥಿಗಳ ಭಾಷಣ ಮುಗಿದು ಹತ್ತೂವರೆಗೆ ಶುರುವಾಗುವುದು ಅಪರೂಪವಲ್ಲ. ಸುಮ್ಮನೆ ಕೂತರೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಸ್ನಾಯುವಿನ ಬಿಸಿ ಬಹಳಷ್ಟು ಇಳಿದುಹೋಗುತ್ತದೆ. ಹಾಗಾಗಿ ವಾರ್ಮ್‌ಅಪ್ಪನ್ನು ಎರಡು ತುಂಡು ಮಾಡಬೇಕು. ಹಗುರ ಓಟ, ಕೀಲುಗಳ ಕೆಲಸ, ಡ್ರಿಲ್ ಮತ್ತು ಮೊದಲ ಎರಡು ಏರುವೇಗದ ಓಟ ಬೆಳಿಗ್ಗೆಯೇ ಮುಗಿಯಲಿ. ಆಮೇಲೆ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ನೆರಳಲ್ಲಿ ಕಾಯಲಿ, ಹತ್ತು ನಿಮಿಷಕ್ಕೊಮ್ಮೆ ಎದ್ದು ಕಾಲು ಬೀಸಿ ಹತ್ತು ಪುಟಿ ಪುಟಿಯಲಿ. ಹೆಸರು ಕೂಗಿ ಸಾಲು ನಿಲ್ಲಿಸುವುದಕ್ಕೆ ಮುಂಚಿನ ಹೀಟ್ ಗೆರೆಗೆ ಬಂದಾಗ ಶೇಕಡ 85 ಮತ್ತು 93ರ ಎರಡು ಓಟ, 40 ಮೀಟರಿನಷ್ಟು ಸಾಕು. ಓಡಲು ಜಾಗವೇ ಇಲ್ಲದಿದ್ದರೆ ನಿಂತಲ್ಲೇ ಹತ್ತು ಸೆಕೆಂಡು ಚುರುಕಾಗಿ ಮಂಡಿ ಎತ್ತುವ ಓಟ, ಎರಡು ಸಲ.

ಓಟದ ಮಧ್ಯೆ ಟಪ್ ಎಂಬ ಸದ್ದೋ ಅನುಭವವೋ ಆಗಿ ಮಗು ತೊಡೆಯ ಹಿಂಭಾಗವನ್ನೋ ಸೊಂಟದ ಮುಂಭಾಗವನ್ನೋ ಹಿಡಿದುಕೊಂಡು ನಿಂತರೆ, ಅದನ್ನು ಸ್ನಾಯು ಸೆಳೆತ ಎಂದು ತಿಕ್ಕಿ, ಎಣ್ಣೆ ಹಚ್ಚಿ, ಎಳೆದು ಸರಿಮಾಡಲು ಹೋಗಬಾರದು. ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು, ಆ ಕಾಲಿಗೆ ಭಾರ ಬೀಳದಂತೆ ಎತ್ತಿಕೊಂಡು ಹೋಗಿ ಎಕ್ಸ್‌ರೇ ಮಾಡಿಸಬೇಕು. ಮೂಳೆಯ ಚೂರು ಎಷ್ಟು ದೂರ ಸರಿದಿದೆ ಎಂಬುದರ ಮೇಲೆ ಚಿಕಿತ್ಸೆ ನಿಂತಿರುತ್ತದೆ. ಸ್ವಲ್ಪವೇ ಸರಿದಿದ್ದರೆ ಊರುಗೋಲು ಮತ್ತು ಕೆಲವು ವಾರಗಳ ವಿಶ್ರಾಂತಿ ಸಾಕಾಗುತ್ತದೆ. ಹೆಚ್ಚು ಸರಿದಿದ್ದರೆ ಆಪರೇಷನ್ ಬೇಕೇ ಎಂಬುದನ್ನು ಮೂಳೆ ಡಾಕ್ಟರು ತೀರ್ಮಾನಿಸಬೇಕಾಗುತ್ತದೆ, ಅದಕ್ಕೆ ಅವರ ಬಳಿ ಮೊದಲ ದಿನವೇ ಹೋಗಿರಬೇಕು.